ಆನ್ ಯುವರ್ ಮಾರ್ಕ್ಸ್, ಸೆಟ್… ಆಮೇಲೆ ಕಿವಿಯ ಕೆಲಸ



ನಮ್ಮ ಗೆಟ್ಟವಾಡಿಯ ಮಕ್ಕಳು ಬೀದಿಯಲ್ಲಿ ಓಟದ ಪಂದ್ಯ ಕಟ್ಟಿದರೆ "ರೆಡಿ, ಒನ್, ಟೂ, ತ್ರೀ" ಎಂದು ಕೂಗಿ ಬಿಡುತ್ತಾರೆ. ಆಟಕ್ಕೆ ಇದು ಸಾಕು. ಆದರೆ ಶಾಲೆಯ ಕ್ರೀಡಾಕೂಟಕ್ಕೆ ಇದೇ ಅಭ್ಯಾಸ ಹೊತ್ತುಕೊಂಡು ಹೋದರೆ ತೊಂದರೆ. ಒನ್‌ಗೂ ಟೂಗೂ ನಡುವೆ ಎಷ್ಟು ಹೊತ್ತಾಗುತ್ತದೋ ಟೂಗೂ ತ್ರೀಗೂ ನಡುವೆ ಅಷ್ಟೇ ಹೊತ್ತು ಎಂದು ಮಗುವಿಗೆ ಗೊತ್ತಿರುತ್ತದೆ. ಹಾಗಾಗಿ ಅದು 'ತ್ರೀ' ಎಂಬ ಶಬ್ದವನ್ನು ಕೇಳಿ ಓಡುವುದಿಲ್ಲ, ಲೆಕ್ಕ ಹಾಕಿ ಓಡುತ್ತದೆ. ಕೂಟದಲ್ಲಿ ಸ್ಟಾರ್ಟರ್ 'ಸೆಟ್' ಅಂದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಎಲ್ಲರೂ ಅಲುಗಾಡದೆ ನಿಂತ ಮೇಲಷ್ಟೇ ವಿಸಿಲ್ ಅಥವಾ ಗನ್ ಕೇಳಿಸುತ್ತದೆ. ಲೆಕ್ಕ ಹಾಕಿದ ಮಗು ಅಲ್ಲಿ ಮೊದಲೇ ಹಾರಿಬಿಡುತ್ತದೆ.

ದೊಡ್ಡವರಿಗೂ ಹೀಗಾಗಿದೆ. 2011ರಲ್ಲಿ ದಕ್ಷಿಣ ಕೊರಿಯಾದ ಡೇಗುವಿನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನ 100 ಮೀಟರ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಶಬ್ದಕ್ಕೆ ಮುಂಚೆ ಹೊರಟು ಓಟದಿಂದಲೇ ಹೊರಗಾದರು. 2010ರಿಂದ ಮೊದಲ ತಪ್ಪಿಗೇ ಹೊರಗೆ ಎಂಬ ನಿಯಮ ಬಂದಿತ್ತು. ದೊಡ್ಡ ಕೂಟಗಳಲ್ಲಿ ಶಬ್ದವಾದ 0.1 ಸೆಕೆಂಡಿಗಿಂತ ಮೊದಲು ಕಾಲು ಒತ್ತಿದರೂ ಅದು ತಪ್ಪು ಆರಂಭವೇ, ಏಕೆಂದರೆ ಅಷ್ಟು ಬೇಗ ಕೇಳಿ ಹೊರಡಲು ಮನುಷ್ಯನಿಗೆ ಆಗದು ಎಂದು ನಿಯಮ ಭಾವಿಸುತ್ತದೆ. ಅಂದರೆ ಈ ಆರಂಭ ಕಾಲಿನ ಕೆಲಸ ಎಷ್ಟೋ ಕಿವಿಯ ಕೆಲಸವೂ ಅಷ್ಟೇ.

ನಾನು ಓದಿದ್ದು ಬಿಎಸ್ಸಿ. ಈಗ ಭಾನುವಾರ ಪೂಜೆ ಮುಗಿದ ಮೇಲೆ ಆರನೇ ತರಗತಿಯಿಂದ ಒಂಬತ್ತರವರೆಗಿನ ನಮ್ಮ ಮಕ್ಕಳಿಗೆ ಕೂತು ಹೊರಡುವ ಓಟದ ಆರಂಭವನ್ನು ಹೇಳಿಕೊಡುತ್ತೇನೆ. ಐದನೇ ತರಗತಿ ಮತ್ತು ಕೆಳಗಿನ ಮಕ್ಕಳನ್ನು ನಿಂತೇ ಓಡಿಸುತ್ತೇನೆ. ಅವರ ತೋಳಿಗೆ ಮೈಭಾರ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಮೊದಲ ದಿನ ಗೆರೆ ಎಳೆಯುವ ಮುಂಚೆ ಯಾವ ಕಾಲು ಮುಂದೆ ಎಂದು ಗೊತ್ತುಮಾಡಿಕೊಳ್ಳಬೇಕು. ಮಗು ಎರಡೂ ಪಾದ ಜೋಡಿಸಿ ನಿಲ್ಲಲಿ. ಹಿಂದಿನಿಂದ ಗೆಳೆಯನೊಬ್ಬ ಹೇಳದೆ ಮೆಲ್ಲಗೆ ಬೆನ್ನು ತಳ್ಳಲಿ. ಬೀಳದಿರಲು ಯಾವ ಕಾಲು ತಟ್ಟನೆ ಮುಂದಕ್ಕೆ ಬರುತ್ತದೋ ಅದು ಚುರುಕಿನ ಕಾಲು. ಆರಂಭದಲ್ಲಿ ಅದನ್ನು ಹಿಂದೆ ಇಡಬೇಕು, ಏಕೆಂದರೆ ಮೊದಲ ಹೆಜ್ಜೆ ಹಾಕುವುದು ಹಿಂದಿನ ಕಾಲೇ. ಇನ್ನೊಂದು ಕಾಲು ಮುಂದೆ ನಿಂತು ಹೆಚ್ಚು ಹೊತ್ತು ನೆಲವನ್ನು ಒತ್ತುತ್ತದೆ. ಮೂರು ಸಲ ತಳ್ಳಿ ನೋಡಿ, ಎರಡು ಸಲ ಬಂದದ್ದನ್ನು ಇಟ್ಟುಕೊಳ್ಳುತ್ತೇವೆ.

ಆಮೇಲೆ ಮೂರು ಕೂಗು, ಮೂರು ಕೆಲಸ.

'ಆನ್ ಯುವರ್ ಮಾರ್ಕ್ಸ್' ಎಂದಾಗ ಮಗು ಗೆರೆಯ ಹತ್ತಿರ ನಡೆದು ಬಂದು ಕೂರಬೇಕು. ಅಳತೆಗೆ ಟೇಪು ಬೇಡ, ಅವರದೇ ಪಾದ ಸಾಕು. ಗೆರೆಯಿಂದ ಹಿಂದಕ್ಕೆ ಎರಡು ಪಾದ ಬಿಟ್ಟು ಮುಂದಿನ ಕಾಲಿನ ಬೆರಳು. ಹಿಂದಿನ ಕಾಲಿನ ಮಂಡಿ ನೆಲಕ್ಕೆ ಊರಿದಾಗ ಮುಂದಿನ ಪಾದದ ಬೆರಳುಗಳ ಪಕ್ಕಕ್ಕೆ ಬರಬೇಕು. ಆಗ ಹಿಂದಿನ ಪಾದ ತಾನಾಗಿಯೇ ಸರಿಯಾದ ಜಾಗದಲ್ಲಿರುತ್ತದೆ. ಕೈಗಳು ಹೆಗಲಿಗಿಂತ ಸ್ವಲ್ಪ ಅಗಲ. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ, ನಡುವೆ ಸೇತುವೆಯಂತೆ ಕಮಾನು. ಬೆರಳು ಗೆರೆಯನ್ನು ಮುಟ್ಟಬಾರದು, ಗೆರೆಯ ಹಿಂದೆಯೇ ಇರಬೇಕು. ಇಲ್ಲಿ ಆತುರವಿಲ್ಲ. ಉಸಿರು ಬಿಟ್ಟು ಸುಮ್ಮನೆ ಕೂತಿರಲಿ.

'ಸೆಟ್' ಎಂಬುದೇ ಹೆಚ್ಚು ಮಕ್ಕಳಿಗೆ ಅರ್ಥವಾಗದ ಕೂಗು. ನಮ್ಮ ಏಳನೇ ತರಗತಿಯ ಹುಡುಗಿಯೊಬ್ಬಳು "ಅಣ್ಣಾ, ಸೆಟ್ ಅಂದ್ರೆ ಎದ್ದೇಳೋದಾ?" ಎಂದು ಕೇಳಿದಳು. "ಇಲ್ಲ ಕಣಮ್ಮ, ಸೊಂಟ ಮಾತ್ರ ಏಳ್ಬೇಕು, ನೀನು ಏಳ್ಬಾರ್ದು" ಎಂದೆ. ಅದಕ್ಕೇ ನಾನು ಇದನ್ನು ಕನ್ನಡದಲ್ಲಿ 'ಏಳು' ಎಂದು ಕೂಗುವುದಿಲ್ಲ. ಏಳು ಅಂದರೆ ಮಕ್ಕಳು ಎದ್ದೇ ನಿಲ್ಲುತ್ತಾರೆ. ವಿವರಣೆಯೆಲ್ಲ ಕನ್ನಡದಲ್ಲಿ, ಕೂಗು ಮಾತ್ರ ಕೂಟದಲ್ಲಿ ಕೇಳುವ ಅದೇ ಇಂಗ್ಲಿಷ್ ಪದಗಳಲ್ಲಿ. ಅಲ್ಲಿ ಹೊಸ ಪದ ಕೇಳಿ ಗಾಬರಿಯಾಗಬಾರದು ನೋಡಿ.

ಸೆಟ್‌ನಲ್ಲಿ ಸೊಂಟ ನಿಧಾನವಾಗಿ ಮೇಲೆದ್ದು ಹೆಗಲಿಗಿಂತ ನಾಲ್ಕು ಬೆರಳಿನಷ್ಟು ಎತ್ತರಕ್ಕೆ ನಿಲ್ಲಬೇಕು. ಹೆಗಲು ಕೈಗಳ ನೇರಕ್ಕೆ ಅಥವಾ ಒಂದಿಷ್ಟು ಮುಂದಕ್ಕೆ. ಮುಂದಿನ ಮಂಡಿ ಹೆಚ್ಚುಕಡಿಮೆ ಪುಸ್ತಕದ ಮೂಲೆಯಂತೆ ಮಡಚಿರುತ್ತದೆ, ಹಿಂದಿನ ಮಂಡಿ ಅದಕ್ಕಿಂತ ಬಿಚ್ಚಿರುತ್ತದೆ. ಕಣ್ಣು ನೆಲದ ಮೇಲೆ. ನಂತರ ಅಲ್ಲಾಡಬಾರದು. ಕೈ ನಡುಗುತ್ತಿದ್ದರೆ ಭಾರ ಪೂರ್ತಿ ಕೈಗೆ ಬಿದ್ದಿದೆ ಎಂದರ್ಥ. ಹೆಗಲನ್ನು ಸ್ವಲ್ಪ ಹಿಂದಕ್ಕೆ ತಂದು ಮುಂದಿನ ಕಾಲಿಗೂ ಭಾರ ಹಂಚಬೇಕು.

ಮೂರನೆಯದು ಶಬ್ದ. ಅಭ್ಯಾಸದಲ್ಲಿ ಕೆಲವು ದಿನ 'ಗೋ' ಎನ್ನುತ್ತೇನೆ, ಕೆಲವು ದಿನ ವಿಸಿಲ್, ಕೆಲವು ದಿನ ಎರಡು ಹಲಗೆ ತುಂಡು ಬಡಿಯುತ್ತೇನೆ. ಮಕ್ಕಳ ಹಿಂದೆ ನಿಂತೇ ಇದನ್ನು ಮಾಡುತ್ತೇನೆ. ಎದುರಿಗೆ ನಿಂತರೆ ಅವರು ನನ್ನ ಬಾಯಿ, ಕೈ ನೋಡಲು ತಲೆ ಎತ್ತುತ್ತಾರೆ. ಸೆಟ್ ಅಂದ ಮೇಲೆ ಒಮ್ಮೆ ಒಂದು ಸೆಕೆಂಡು, ಒಮ್ಮೆ ಎರಡು, ಒಮ್ಮೆ ಸ್ವಲ್ಪ ಹೆಚ್ಚು ಕಾಯುತ್ತೇನೆ. ಒಂದೇ ಅಂತರ ಎರಡು ಸಲ ಸತತವಾಗಿ ಬರಬಾರದು. ನಡುನಡುವೆ ಶಬ್ದ ಮಾಡದೆ 'ಸ್ಟ್ಯಾಂಡ್ ಅಪ್' ಎಂದುಬಿಡುತ್ತೇನೆ. ಯಾರಾದರೂ ಅಲುಗಾಡಿದರೆ ಕೂಟದಲ್ಲೂ ಸ್ಟಾರ್ಟರ್ ಎಲ್ಲರನ್ನೂ ಹೀಗೆ ಎಬ್ಬಿಸುತ್ತಾರೆ. ಎದ್ದು ನಿಂತು ಮತ್ತೆ ಕೂರುವುದು ಶಿಕ್ಷೆಯಲ್ಲ ಎಂದು ಮಕ್ಕಳಿಗೆ ಮೊದಲೇ ಗೊತ್ತಿದ್ದರೆ ಅವರು ಹೆದರುವುದಿಲ್ಲ.

ಈಗ ಆ ಏಳನೇ ತರಗತಿಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ನಿಂತು ಓಡಿದರೆ ಅವಳೂ ಅವಳ ಗೆಳತಿಯೂ ಸಮಸಮ. ಕೂತು ಹೊರಟರೆ ಇವಳೇ ಎರಡು ಹೆಜ್ಜೆ ಹಿಂದೆ. "ನಂಗಿದು ಆಗಲ್ಲ ಅಣ್ಣಾ, ನಿಂತ್ಕೊಂಡೇ ಓಡ್ತೀನಿ" ಎಂದಳು. ಪಕ್ಕದಿಂದ ನಿಂತು ಮೂರು ಸಲ ನೋಡಿದೆ. ಮೂರೂ ಸಲ ಮೊದಲ ಹೆಜ್ಜೆಯಲ್ಲೇ ಅವಳು ನೆಟ್ಟಗೆ ನಿಂತುಬಿಡುತ್ತಿದ್ದಳು.

ಮೊದಲ ಕಾರಣ ಪಾದದಲ್ಲಿತ್ತು. ಅವಳ ಮುಂದಿನ ಪಾದ ಗೆರೆಯಿಂದ ಒಂದು ಗೇಣೂ ಹಿಂದಿರಲಿಲ್ಲ. ಗೆರೆಗೆ ಹತ್ತಿರವಿದ್ದಷ್ಟೂ ಬೇಗ ಎಂದು ಅವಳ ಲೆಕ್ಕ. ಆದರೆ ಪಾದ ಅಷ್ಟು ಹತ್ತಿರವಿದ್ದರೆ ಮಂಡಿ ಎದೆಯ ಕೆಳಗೆ ತೀರಾ ಮಡಚಿಕೊಳ್ಳುತ್ತದೆ. ಆಗ ಕಾಲು ಮೈಯನ್ನು ಮುಂದಕ್ಕಲ್ಲ, ಮೇಲಕ್ಕೆ ತಳ್ಳುತ್ತದೆ. ಅವಳ ಪಾದದಲ್ಲೇ ಎರಡು ಅಳತೆ ಹಿಂದಕ್ಕೆ ಸರಿಸಿದೆವು.

ಎರಡನೆಯದು ತಲೆ. ಸೆಟ್ ಅಂದಕೂಡಲೇ ಮುಗಿಯುವ ಗೆರೆಯನ್ನು ನೋಡಲು ತಲೆ ಎತ್ತುತ್ತಿದ್ದಳು. ತಲೆ ಎದ್ದರೆ ಸೊಂಟ ಕುಸಿಯುತ್ತದೆ. ಗೆರೆಯ ಮುಂದೆ ಒಂದು ಗೇಣು ದೂರದಲ್ಲಿ ಎಲೆಯೊಂದನ್ನಿಟ್ಟು "ಶಬ್ದ ಬರೋವರೆಗೂ ಇದನ್ನೇ ನೋಡು" ಎಂದೆ.

ಮೂರನೆಯದು ಮೊದಲ ಹೆಜ್ಜೆಯ ಉದ್ದ. ದೊಡ್ಡ ಹೆಜ್ಜೆ ಹಾಕಿದರೆ ಪಾದ ಮೈಗಿಂತ ಮುಂದೆ ಬಿದ್ದು ಬ್ರೇಕ್ ಹಾಕಿದಂತಾಗುತ್ತದೆ. ಗೆರೆಯಿಂದ ಅವಳ ಎರಡು ಪಾದದಷ್ಟು ಮುಂದೆ ಮಣ್ಣಿನಲ್ಲಿ ಅಡ್ಡ ಗೀಟು ಹಾಕಿ, ಮೊದಲ ಹೆಜ್ಜೆ ಅದರ ಆಸುಪಾಸು ಬೀಳಲಿ ಎಂದೆ. ಮೈ ಮುಂದಕ್ಕೆ ವಾಲಿಕೊಂಡೇ ಹೋಗಬೇಕು, ಹತ್ತು ಹನ್ನೆರಡು ಮೀಟರಿನೊಳಗೆ ಮೆಲ್ಲಮೆಲ್ಲಗೆ ನೆಟ್ಟಗಾಗಬೇಕು. ಒಂದೊಂದು ಭಾನುವಾರಕ್ಕೆ ಒಂದೊಂದನ್ನೇ ತಿದ್ದಿದೆವು. ಮೂರನ್ನೂ ಒಟ್ಟಿಗೆ ಹೇಳಿದರೆ ಮಗು ಶಬ್ದ ಕೇಳುವುದನ್ನೇ ಮರೆತುಬಿಡುತ್ತದೆ.

ಸುಧಾರಿಸಿದೆಯೋ ಇಲ್ಲವೋ ನೋಡಲು ಮೊಬೈಲಿನ ಸ್ಟಾಪ್‌ವಾಚ್ ನಂಬುವಂತಿಲ್ಲ. ನಮ್ಮ ಬೆರಳು ಒತ್ತುವುದರಲ್ಲೇ ಒಂದೆರಡು ದಶಾಂಶ ಸೆಕೆಂಡು ಹೆಚ್ಚುಕಡಿಮೆಯಾಗುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೂ ಅಷ್ಟೇ ಸಣ್ಣದು. ಅದಕ್ಕೆ ಅದೇ ಗೆಳತಿಯ ಪಕ್ಕದಲ್ಲಿ 20 ಮೀಟರ್ ಐದು ಸಲ ಓಡಿಸಿದೆ. ಗೆಳತಿ ನಿಂತು ಹೊರಟಳು, ಇವಳು ಕೂತು ಹೊರಟಳು. ನಾಲ್ಕನೇ ಭಾನುವಾರ ಐದರಲ್ಲಿ ಮೂರು ಸಲ ಇವಳೇ ಮುಂದಿದ್ದಳು. ಎಷ್ಟು ವಾರವಾದರೂ ಹಿಂದೆಯೇ ಉಳಿಯುವ ಮಗುವಿದ್ದರೆ ಅದು ಈ ವರ್ಷ ನಿಂತೇ ಓಡಲಿ. ತೋಳಿಗೆ ಬಲ ಬಂದ ಮೇಲೆ ನೋಡೋಣ.

ನಮ್ಮಲ್ಲಿ ಸ್ಟಾರ್ಟಿಂಗ್ ಬ್ಲಾಕ್ ಇಲ್ಲ ಎಂದು ಪೋಷಕರು ಕೇಳುತ್ತಾರೆ. ಒಲಿಂಪಿಕ್ಸ್‌ನಲ್ಲೇ ಬ್ಲಾಕ್ ಬಂದದ್ದು 1948ರಲ್ಲಿ, ಲಂಡನ್‌ನಲ್ಲಿ. 1896ರ ಅಥೆನ್ಸ್‌ನಲ್ಲಿ ಅಮೆರಿಕದ ಥಾಮಸ್ ಬರ್ಕ್ ಕೂತು ಹೊರಟು 100 ಮೀಟರ್ ಗೆದ್ದಾಗಲೂ, 1936ರ ಬರ್ಲಿನ್‌ನಲ್ಲಿ ಜೆಸ್ಸಿ ಓವೆನ್ಸ್ ಗೆದ್ದಾಗಲೂ ಬ್ಲಾಕ್ ಇರಲಿಲ್ಲ. ಓವೆನ್ಸ್ ಕಾಲದವರು ಸಣ್ಣ ಕರಣೆಯಿಂದ ಟ್ರ್ಯಾಕಿನಲ್ಲೇ ಗುಳಿ ತೋಡಿಕೊಂಡು ಪಾದ ಊರುತ್ತಿದ್ದರು. ನಾವು ಗುಳಿ ತೋಡುವುದಿಲ್ಲ. ಒಬ್ಬ ಗೆಳೆಯ ಹಿಂದೆ ನಿಂತು ತನ್ನ ಬೂಟಿನ ಪಕ್ಕವನ್ನು ಓಟಗಾರನ ಹಿಂದಿನ ಪಾದಕ್ಕೆ ಅಡ್ಡ ಕೊಡುತ್ತಾನೆ. ಅದೇ ನಮ್ಮ ಬ್ಲಾಕ್. ಅಡ್ಡ ಕೊಟ್ಟಾಗ ಮಗುವಿಗೆ ಎರಡೂ ಕಾಲಿನಿಂದ ಒತ್ತುವುದು ಎಂದರೇನು ಎಂದು ಗೊತ್ತಾಗುತ್ತದೆ.

ಆದರೆ ಬ್ಲಾಕ್ ಇಲ್ಲದ ಕೂಟದಲ್ಲಿ ಯಾರೂ ಅಡ್ಡ ಕೊಡುವುದಿಲ್ಲ. ಹಾಗಾಗಿ ಪ್ರತಿ ದಿನದ ಕೊನೆಯ ನಾಲ್ಕು ಆರಂಭಗಳು ಬರೀ ನೆಲದ ಮೇಲೆ. ಪುಡಿ ಮಣ್ಣಿದ್ದರೆ ಹಿಂದಿನ ಪಾದ ಜಾರುತ್ತದೆ. ಓಡಿ ಹೋದ ಮೇಲೆ ನೆಲ ನೋಡಿದರೆ ಗೊತ್ತಾಗುತ್ತದೆ: ಒತ್ತಿದ ಗುರುತು ಗುಂಡಗಿದ್ದರೆ ಪಾದ ಹಿಡಿದಿದೆ, ಹಿಂದಕ್ಕೆ ಗೀರಿದ್ದರೆ ಜಾರಿದೆ. ಜಾರಿದರೆ ಅಲ್ಲಿನ ಪುಡಿ ಮಣ್ಣನ್ನು ಪಾದದಿಂದ ಸರಿಸಿ ಗಟ್ಟಿ ನೆಲ ಹುಡುಕಬೇಕು, ಹಿಂದಿನ ಪಾದವನ್ನು ಅರ್ಧ ಪಾದ ಮುಂದಕ್ಕೆ ತರಬೇಕು.

ಮನೆಯಲ್ಲಿ ಅಪ್ಪ ಅಮ್ಮಂದಿರು ಸಹಾಯ ಮಾಡಬೇಕೆಂದರೆ ಒಂದೇ ಕೆಲಸ ಸಾಕು. ಅಂಗಳದಲ್ಲಿ ಮಗುವನ್ನು ಸೆಟ್‌ನಲ್ಲಿ ನಿಲ್ಲಿಸಿ, ಹಿಂದೆ ನಿಂತು, ನಿಮಗೆ ತೋಚಿದಾಗ ಚಪ್ಪಾಳೆ ತಟ್ಟಿ. ಐದು ಮೀಟರ್ ಓಡಿದರೆ ಸಾಕು. ದಿನಕ್ಕೆ ಆರು ಸಲ. ಎಣಿಸಬೇಡಿ, ಅಷ್ಟೇ.