ಸೋದರತ್ತೆಯ ಸಿಂಕಿನ ಕೆಳಗೆ

ಮೈಸೂರಿನ ನಮ್ಮ ಸೋದರತ್ತೆಯ ಮನೆಗೆ ಹೊಸ ಸ್ಟೀಲ್ ಸಿಂಕು ಬಂದು ಕೆಲವೇ ತಿಂಗಳಾಗಿತ್ತು. ಅಷ್ಟರಲ್ಲೇ ಅದರ ಕೆಳಗಿನ ಕಬೋರ್ಡಿನ ಪ್ಲೈವುಡ್ ಉಬ್ಬಿ, ಬಾಗಿಲು ತೆಗೆದರೆ ಮುಗ್ಗಲು ವಾಸನೆ ಬರುತ್ತಿತ್ತು. ಒಳಗೆ ಬಾಟಲ್ ಟ್ರ್ಯಾಪಿನ ನಟ್ ಪದೇ ಪದೇ ಸಡಿಲವಾಗುತ್ತಿತ್ತು. ಮಾವ ಬಗ್ಗಿ ಪಾನಾ ಹಾಕಿ ಬಿಗಿ ಮಾಡಿದರೆ ಒಂದೆರಡು ದಿನ ಒಣಗಿರುತ್ತಿತ್ತು, ಮತ್ತೆ ಅದೇ ತೊಟ್ಟು. ಗಣೇಶನ ಹಬ್ಬ ಹತ್ತಿರವಾದಾಗ ಅತ್ತೆ ಪಟ್ಟು ಹಿಡಿದು, ಬೀದಿಯ ಕೊನೆಯಲ್ಲಿದ್ದ ವಯಸ್ಸಾದ ಪ್ಲಂಬರ್ ಮೇಸ್ತ್ರಿಯನ್ನು ಕರೆಸಿದರು. ಟಾರ್ಚ್ ಹಿಡಿಯುವ ಕೆಲಸ ನನ್ನದಾಯಿತು.

ಮೇಸ್ತ್ರಿ ಪಾನಾ ಮುಟ್ಟಲಿಲ್ಲ. ಸೋಪು, ಬಕೆಟ್ಟು ಎಲ್ಲ ಹೊರಗಿಡಿಸಿ, ಒಣಬಟ್ಟೆಯಲ್ಲಿ ಪೈಪುಗಳನ್ನು ಮೇಲಿಂದ ಕೆಳಗೆ ಒರೆಸಿದರು. ಅಡಿಗೆ ಹಳೇ ಪೇಪರ್ ಹಾಸಿದರು. “ತೊಟ್ಟು ಬೀಳೋ ಜಾಗಾನೇ ಬೇರೆ, ನೀರು ಹೊರಡೋ ಜಾಗಾನೇ ಬೇರೆ ಕಣಪ್ಪ. ಪೈಪ್ ಹಿಡ್ಕೊಂಡು ಹರಿದು ಬಂದು ಎಲ್ಲೋ ಬೀಳುತ್ತೆ” ಅಂದರು.

ಮೊದಲು ಸಿಂಕಿನ ಬಾಯಿ ಮುಚ್ಚಿ ಅರ್ಧ ನೀರು ತುಂಬಿಸಿದರು. ಕೆಳಗೆ ಒಂದು ಹನಿಯೂ ಇಲ್ಲ. ಹಾಗಾದರೆ ಸಿಂಕಿಗೆ ಕೂತಿರುವ ಕಪ್ಲಿಂಗ್ ಸರಿಯಿದೆ. ಆಮೇಲೆ ಮುಚ್ಚಳ ಎತ್ತಿದರು. ನೀರೆಲ್ಲ ಒಟ್ಟಿಗೆ ಇಳಿಯುವಾಗ, ಟ್ರ್ಯಾಪಿನಿಂದ ಗೋಡೆ ಕಡೆಗೆ ಹೋಗುವ ನಟ್‌ನ ಕೆಳ ಅಂಚಿನಲ್ಲಿ ಹನಿ ಕೂಡಿತು. ಕೆಲಸ ಮುಗಿಯಿತು ಅಂದುಕೊಂಡೆ. ಮೇಸ್ತ್ರಿ ಮಾತ್ರ, “ಅಮ್ಮ, ಒಂದು ಚೊಂಬು ಬಿಸಿನೀರು ಕೊಡಿ” ಅಂದರು. ಅದನ್ನು ಸುರಿದ ಮೇಲೆ ಟ್ರ್ಯಾಪಿನ ಮೈಯಲ್ಲೇ, ನಟ್ ಕೂರುವ ಕುತ್ತಿಗೆಯ ಹತ್ತಿರ, ಕೂದಲೆಳೆಯಂಥ ಗೆರೆಯೊಂದು ಒದ್ದೆಯಾಯಿತು. ತಣ್ಣೀರಿಗೆ ಕಾಣದ ಬಿರುಕು ಬಿಸಿಗೆ ಪ್ಲಾಸ್ಟಿಕ್ ಹಿಗ್ಗಿದಾಗ ಬಾಯಿ ಬಿಟ್ಟಿತ್ತು. ಅತ್ತೆ ಅನ್ನ ಬಸಿದ ಗಂಜಿ ಸುರಿದ ದಿನಗಳಲ್ಲೇ ಕಬೋರ್ಡು ಹೆಚ್ಚು ಒದ್ದೆಯಾಗುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಈಗ ಅವರು ಆ ನಟ್ಟನ್ನು ಕೈಯಲ್ಲೇ ಪೂರ್ತಿ ಬಿಚ್ಚಿದರು. ಬಿಚ್ಚಿದ್ದೇ ತಡ, ಗೋಡೆ ಕಡೆಯ ಪೈಪು ಪಟ್ಟನೆ ಮೇಲಕ್ಕೆ ಜಿಗಿದು ಟ್ರ್ಯಾಪಿನ ಬಾಯಿಗಿಂತ ಎರಡು ಬೆರಳು ಎತ್ತರದಲ್ಲಿ ನಿಂತಿತು. “ನೋಡಿ ಸ್ವಾಮಿ, ರೋಗ ಇಲ್ಲಿದೆ” ಎಂದು ಮಾವನಿಗೆ ತೋರಿಸಿದರು.

ಹಳೆಯ ಸಿಂಕಿನ ಆಳ ಎಂಟು ಇಂಚು, ಹೊಸದರದ್ದು ಹತ್ತು. ಸಿಂಕು ಆಳವಾದಷ್ಟೂ ಟ್ರ್ಯಾಪ್ ಕೆಳಗಿಳಿಯುತ್ತದೆ, ಗೋಡೆಯಲ್ಲಿರುವ ತೂತು ಮಾತ್ರ ಇದ್ದಲ್ಲೇ ಇರುತ್ತದೆ. ಸಿಂಕು ಕೂರಿಸಿದವರು ಪೈಪನ್ನು ಬಗ್ಗಿಸಿ ಜೋಡಿಸಿ ಹೋಗಿದ್ದರು. ಈ ಜೋಡಣೆಯಲ್ಲಿ ನೀರು ತಡೆಯುವುದು ನಟ್‌ನ ಮರೆ ಅಲ್ಲ, ಒಳಗಿನ ರಬ್ಬರ್ ವಾಷರ್. ಪೈಪು ನೇರವಾಗಿ ಒಳಹೊಕ್ಕರೆ ವಾಷರ್ ಸುತ್ತಲೂ ಸಮನಾಗಿ ಒತ್ತುತ್ತದೆ. ಓರೆಯಾಗಿ ಹೊಕ್ಕರೆ ಒಂದು ಕಡೆ ಜಜ್ಜಿ ಇನ್ನೊಂದು ಕಡೆ ಸಂದು ಬಿಡುತ್ತದೆ. ಮರೆಗೆ ಬಿಳಿ ಟೇಪು ಸುತ್ತಿದರೆ ಆ ಸಂದು ಮುಚ್ಚುವುದಿಲ್ಲ. ಪೈಪಿನ ಎಳೆತಕ್ಕೆ ನಟ್ ದಿನಾ ಸ್ವಲ್ಪ ಸ್ವಲ್ಪ ಜರುಗುತ್ತಿತ್ತು, ಪಾನಾದ ಬಿಗಿತಕ್ಕೆ ಕುತ್ತಿಗೆ ಸೀಳಿತ್ತು. ಮೂರು ತೊಂದರೆಗಳಿಗೂ ಬೇರು ಒಂದೇ.

ಬಿರುಕಿಗೆ ಅಂಟು ಹಚ್ಚಬಹುದಲ್ಲ ಎಂದು ಮಾವ ಕೇಳಿದರು. “ಹಬ್ಬ ಕಳೆಯೋವರೆಗೆ ನಿಲ್ಲಬಹುದು. ದಿನಾ ಬಿಸಿ, ತಣ್ಣಗೆ ಆಗೋ ಜಾಗ, ಬಿಟ್ಟುಕೊಳ್ಳುತ್ತೆ” ಅಂದರು. ಅಂಗಡಿಯಿಂದ ಹೊಸ ಟ್ರ್ಯಾಪ್ ಬಂತು. ಕಪ್ಲಿಂಗಿನಿಂದ ಟ್ರ್ಯಾಪಿಗೆ ಇಳಿಯುವ ಪೈಪಿನ ತುಂಡನ್ನು ಎರಡು ಇಂಚಿಗಿಂತ ಚೂರು ಹೆಚ್ಚಾಗಿಯೇ ಕತ್ತರಿಸಿ, ಅಂಚಿನ ಜುಂಗು ಕೆರೆದು ತೆಗೆದರು. ಟ್ರ್ಯಾಪ್ ಮೇಲೆದ್ದು, ಅದರ ಬಾಯಿ ಗೋಡೆಯ ತೂತಿಗಿಂತ ಕೂದಲಷ್ಟು ಎತ್ತರಕ್ಕೆ ಬಂತು. ನೀರು ಗೋಡೆಯ ಕಡೆಗೆ ಇಳಿಯಲು ಅಷ್ಟು ಇಳಿಜಾರು ಬೇಕು. ನಟ್ ಇಲ್ಲದೆಯೇ ಪೈಪು ಬಾಯಿಯೊಳಗೆ ನೇರ ಕೂರುತ್ತದೆಯೇ ಎಂದು ನೋಡಿದ ಮೇಲಷ್ಟೇ, ಹೊಸ ವಾಷರಿನ ಸಣ್ಣ ತುದಿಯನ್ನು ಟ್ರ್ಯಾಪಿನ ಕಡೆಗೆ ಮಾಡಿ ನಟ್ ತಿರುಗಿಸಿದರು. ಕೈಯಲ್ಲಿ ಬಿಗಿಯಾದಷ್ಟು, ಮೇಲೆ ಕಾಲು ಸುತ್ತು. ಪಾನಾ ಚೀಲದಲ್ಲೇ ಉಳಿಯಿತು.

ಮತ್ತೆ ಸಿಂಕು ತುಂಬಿಸಿ ಬಿಟ್ಟರು, ಮತ್ತೆ ಬಿಸಿನೀರು ಸುರಿದರು. ಪೇಪರ್ ಒಣಗಿಯೇ ಇತ್ತು. ಹೊರಡುವಾಗ ಅತ್ತೆಗೆ, “ಎರಡು ದಿನ ಪೇಪರ್ ಅಲ್ಲೇ ಇರಲಿ ಅಮ್ಮ. ವಾಷರ್ ಕೂತ ಮೇಲೆ ನಟ್ ಒಂದು ಸಲ ಚೂರು ಸಡಿಲ ಆಗೋದುಂಟು, ಕೈಯಲ್ಲಿ ತಿರುಗಿಸಿ. ಆಮೇಲೂ ಸಡಿಲ ಆದರೆ ಬಿಗಿ ಮಾಡಬೇಡಿ, ಬಿಚ್ಚಿ ಪೈಪ್ ಯಾವ ಕಡೆ ಜಿಗಿಯುತ್ತೆ ನೋಡಿ” ಅಂದರು.