ಮೇಲ್ಗಡೆ ಮುಚ್ಚಿತ್ತಾ, ತೆರೆದಿತ್ತಾ?

“ಡಿಸ್‌ಪ್ಲೇಲಿ ಏನು ಬಂತು ಮೇಡಂ?”

“ಏನೋ E ಅಂತ ಬಂತಪ್ಪ.”

“E ಪಕ್ಕ ಇನ್ನೊಂದು ಅಕ್ಷರ ಇರುತ್ತಲ್ಲ, ಅದು?”

“ಫೋಟೊ ತೆಗೆದಿಟ್ಟಿದ್ದೆ. ಫೋನು ತುಂಬಿಹೋಯ್ತು ಅಂತ ಮಗ ಗುಡ್ ಮಾರ್ನಿಂಗ್ ಚಿತ್ರಗಳ ಜೊತೆ ಅದನ್ನೂ ಅಳಿಸಿಬಿಟ್ಟಿದ್ದಾನೆ. ಆಮೇಲೆ ಕರೆಂಟು ಬೇರೆ ಹೋಗಿ ಬಂತು. ಈಗ ಏನೂ ತೋರಿಸ್ತಾ ಇಲ್ಲ.”

ವಾಷಿಂಗ್ ಮೆಷಿನ್ ರಿಪೇರಿ ಮಾಡುವವರ ಕಿವಿಗೆ ಈ ಸಂಭಾಷಣೆ ಹೊಸದಲ್ಲ. ಬರೀ E ಎಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಎಲ್‌ಜಿ ಕಂಪನಿಯ ಮುಂಬಾಗಿಲಿನ ಯಂತ್ರವನ್ನೇ ತೆಗೆದುಕೊಂಡರೆ, ನೀರು ಬಾರದಿದ್ದರೆ IE, ನೀರು ಹೊರಹೋಗದಿದ್ದರೆ OE, ಬಟ್ಟೆ ಒಂದೇ ಕಡೆ ಸೇರಿ ಡ್ರಮ್ಮಿನ ಸಮತೋಲ ತಪ್ಪಿದರೆ UE, ಬಾಗಿಲು ಸರಿಯಾಗಿ ಮುಚ್ಚದಿದ್ದರೆ dE. ಕೊನೆಯ E ಎಲ್ಲಕ್ಕೂ ಸಾಮಾನ್ಯ. ವಿಷಯವೆಲ್ಲ ಇರುವುದು ಮೊದಲ ಅಕ್ಷರದಲ್ಲಿ. ಜನರ ನೆನಪಿನಲ್ಲಿ ಉಳಿಯುವುದು ಮಾತ್ರ ಆ E.

ಇದಕ್ಕೆ ಜನರನ್ನು ದೂರಿ ಫಲವಿಲ್ಲ. ಆ ಪುಟ್ಟ ಪರದೆಯ ಮೇಲೆ ಒಂದೊಂದು ಅಕ್ಷರವೂ ಮೂಡುವುದು ಏಳೇ ಏಳು ಬೆಳಕಿನ ಗೀಟುಗಳಿಂದ. ಏಳು ಬೆಂಕಿಕಡ್ಡಿ ಜೋಡಿಸಿ 8 ಬರೆದ ಹಾಗೆ: ಅಡ್ಡ ಮೂರು, ಎಡಕ್ಕೆ ಎರಡು, ಬಲಕ್ಕೆ ಎರಡು. ಬೇಕಾದವು ಹೊತ್ತಿಕೊಳ್ಳುತ್ತವೆ, ಉಳಿದವು ಆರಿರುತ್ತವೆ. ಇಷ್ಟರಲ್ಲೇ ಅಂಕಿಯೂ ಆಗಬೇಕು, ಇಂಗ್ಲಿಷ್ ಅಕ್ಷರವೂ ಆಗಬೇಕು. ಹಾಗಾಗಿ ಸೊನ್ನೆಗೂ O ಅಕ್ಷರಕ್ಕೂ ಒಂದೇ ರೂಪ, 5ಕ್ಕೂ S ಅಕ್ಷರಕ್ಕೂ ಒಂದೇ ರೂಪ. ಸ್ಯಾಮ್‌ಸಂಗ್ ಯಂತ್ರದಲ್ಲಿ ನೀರು ಹೊರಹೋಗದಾಗ ಬರುವ ಸಂಕೇತವನ್ನು ಒಬ್ಬರು 5E ಎಂದು ಓದುತ್ತಾರೆ, ಇನ್ನೊಬ್ಬರು SE ಎಂದು. ಇಬ್ಬರೂ ಹೇಳುತ್ತಿರುವುದು ಒಂದನ್ನೇ.

ಮೊದಲಿಗೆ ಹೇಳಿದ ಮಾತುಕತೆ ನಡೆದ ಹಾಸನದ ಮನೆಯ ಎಲ್‌ಜಿ ಯಂತ್ರದಲ್ಲಿ ಗೊಂದಲವಿದ್ದದ್ದು OE ಮತ್ತು UE ನಡುವೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಗೀಟಿನದು. U ಮೇಲ್ಗಡೆ ತೆರೆದಿರುತ್ತದೆ, O ಮುಚ್ಚಿರುತ್ತದೆ. ಆದರೆ ಪರಿಹಾರ ಮಾತ್ರ ಪೂರ್ತಿ ಬೇರೆ. UE ಆದರೆ ಬಾಗಿಲು ತೆಗೆದು, ಮುದ್ದೆಯಾದ ಬೆಡ್‌ಶೀಟನ್ನು ಬಿಡಿಸಿ ಹರಡಿದರೆ ಸಾಮಾನ್ಯವಾಗಿ ಕೆಲಸ ಮುಗಿಯಿತು, ಯಾರನ್ನೂ ಕರೆಸಬೇಕಿಲ್ಲ. OE ಆದರೆ ಪಂಪಿನ ಹತ್ತಿರ ಹೋಗಲೇಬೇಕು. ಇನ್ನೂ ಸೂಕ್ಷ್ಮವೆಂದರೆ, U ಚಿಕ್ಕದಾಗಿ, ಕೆಳಗಿನ ಅರ್ಧದಲ್ಲಷ್ಟೇ ಕಂಡರೆ, ಯಂತ್ರ ತಾನೇ ಬಟ್ಟೆಯನ್ನು ಸರಿಪಡಿಸಿಕೊಳ್ಳಲು ನೋಡುತ್ತಿದೆ ಎಂದರ್ಥ. ಆಗ ಸ್ವಲ್ಪ ಹೊತ್ತು ಕಾಯುವುದೇ ಸರಿ.

ಅದಕ್ಕೇ ಅನುಭವಸ್ಥ ಮೆಕ್ಯಾನಿಕ್ “ಯಾವ ಅಕ್ಷರ?” ಎಂದು ಮತ್ತೆ ಮತ್ತೆ ಕೇಳುವುದಿಲ್ಲ. “ಮೇಲ್ಗಡೆ ಮುಚ್ಚಿತ್ತಾ, ತೆರೆದಿತ್ತಾ?” ಎಂದು ಕೇಳುತ್ತಾನೆ. ಆಕಾರ ಕೇಳಿದರೆ ಇಂಗ್ಲಿಷ್ ಓದಲು ಬಾರದ ಅಜ್ಜಿಯೂ ಉತ್ತರ ಹೇಳಬಲ್ಲಳು: “ಬಾಗಿಲ ಚೌಕಟ್ಟಿನ ಹಾಗಿತ್ತು ಕಣಪ್ಪ, ಸುತ್ತ ಮುಚ್ಚಿತ್ತು.”

ಈ ಮನೆಯಾಕೆಗೆ ಅದೂ ನೆನಪಾಗಲಿಲ್ಲ. ಮೆಕ್ಯಾನಿಕ್ ಆಗ ಪರದೆಯ ಮಾತು ಬಿಟ್ಟು ಡ್ರಮ್ಮಿನ ಕಡೆ ತಿರುಗಿದ. “ಗಾಜಿನೊಳಗೆ ನೀರು ಕಾಣುತ್ತಾ?” ಕಾಣುತ್ತದೆ, ಬಟ್ಟೆ ಅದರಲ್ಲೇ ಮುಳುಗಿದೆ. “ಬಾಗಿಲು ತೆಗೆಯೋಕೆ ಬರುತ್ತಾ?” ಬರುವುದಿಲ್ಲ. “ನಿಲ್ಲೋ ಮುಂಚೆ ಜೋರಾಗಿ ತಿರುಗ್ತಿತ್ತಾ?” ಇಲ್ಲ, ಕೆಳಗೆಲ್ಲೋ ಗುಂಯ್ ಎನ್ನುವ ಸದ್ದು ಮಾತ್ರ ಬಹಳ ಹೊತ್ತು ಬರುತ್ತಿತ್ತು.

ಇಷ್ಟು ಸಾಕಾಯಿತು. ಸಂಕೇತ ಯಾವ ಘಟ್ಟದಲ್ಲಿ ಬಂತೆಂದು ತಿಳಿದರೆ, ಸಂಕೇತವನ್ನೇ ಊಹಿಸಬಹುದು. ಬಾಗಿಲಿನ ತಕರಾರು ಬಟನ್ ಒತ್ತಿದ ಕೂಡಲೇ ಬರುತ್ತದೆ. ನೀರು ಬಾರದ ತಕರಾರಿನಲ್ಲಿ ಬಟ್ಟೆ ಇನ್ನೂ ಒಣಗಿಯೇ ಇರುತ್ತದೆ, ಅಥವಾ ಅರೆಬರೆ ನೆನೆದಿರುತ್ತದೆ. ಸಮತೋಲ ತಪ್ಪಿದ್ದರೆ ನೀರು ಹೋಗಿರುತ್ತದೆ, ಡ್ರಮ್ಮು ವೇಗ ಹಿಡಿಯಲು ಹೋಗಿ ಹೋಗಿ ನಿಂತಿರುತ್ತದೆ, ಬಟ್ಟೆ ತೊಟ್ಟಿಕ್ಕುತ್ತಿರುತ್ತದೆ. ನೀರು ನಿಂತೇ ಇದ್ದು ಪಂಪು ಗುಂಯ್‌ಗುಡುತ್ತಿದ್ದರೆ ಅದು OE.

ಮುಂದಿನದನ್ನು ಆತ ಫೋನಿನಲ್ಲೇ ಮಾಡಿಸಿದ. ಮೊದಲು ಪ್ಲಗ್ ಕಿತ್ತಿಡಬೇಕು. ಬಿಸಿನೀರಿನಲ್ಲಿ ಒಗೆಯುತ್ತಿದ್ದರೆ ನೀರು ಆರುವ ತನಕ ಕಾಯಬೇಕು. ಯಂತ್ರದ ಮುಂಭಾಗದಲ್ಲಿ, ನೆಲದ ಹತ್ತಿರ, ಮೂಲೆಯಲ್ಲೊಂದು ಪುಟ್ಟ ಮುಚ್ಚಳ ಇರುತ್ತದೆ. ಅದರೊಳಗೆ ಬೆರಳು ಗಾತ್ರದ ರಬ್ಬರ್ ಪೈಪು. ಅದರ ಬಿರಡೆ ತೆಗೆದು, ಕೆಳಗೆ ಅಗಲವಾದ ತಟ್ಟೆ ಇಟ್ಟು, ನೀರನ್ನು ಸ್ವಲ್ಪ ಸ್ವಲ್ಪವಾಗಿ ಖಾಲಿ ಮಾಡಬೇಕು. ಇದನ್ನು ಮಾಡದೆ ಪಕ್ಕದ ಫಿಲ್ಟರನ್ನು ತಿರುಗಿಸಿದರೆ ಡ್ರಮ್ಮಿನ ನೀರೆಲ್ಲ ನೆಲಕ್ಕೆ ನುಗ್ಗುತ್ತದೆ. ನೀರು ನಿಂತ ಮೇಲೆ ಫಿಲ್ಟರನ್ನು ಎಡಕ್ಕೆ ತಿರುಗಿಸಿ ಎಳೆದಾಗ ಸಿಕ್ಕಿದ್ದು ಕೂದಲಿನ ಉಂಡೆ, ಒಂದು ಹೇರ್‌ಪಿನ್, ಅಂಗಿಯ ಗುಂಡಿ. ತೊಳೆದು ಬಿಗಿಯಾಗಿ ಕೂರಿಸಿ, ಜಾಲಿಸಿ ಹಿಂಡುವ ಪ್ರೋಗ್ರಾಂ ಹಾಕಿದಾಗ ನೀರು ಹರಿದುಹೋಯಿತು. ಹರಿಯದೆ ಮತ್ತೆ ಸಂಕೇತ ಬಂದಿದ್ದರೆ ಹಿಂದಿನ ಕೊಳವೆ ಮಡಚಿಕೊಂಡಿದೆಯೇ ಎಂದು ನೋಡಬೇಕಿತ್ತು. ಅದೂ ಸರಿಯಿದ್ದರೆ ಪಂಪೇ ಕೆಟ್ಟಿರುವ ಸಂಭವ ಹೆಚ್ಚು. ಆತ ಬರುವಾಗ ಹೊಸ ಪಂಪು ಹಿಡಿದೇ ಬರುತ್ತಿದ್ದ.

ಹೀಗೆ ಇನ್ನೊಮ್ಮೆ ಓಡಿಸಿ ನೋಡುವುದು ಕಳೆದುಹೋದ ಸಂಕೇತವನ್ನು ಮರಳಿ ಪಡೆಯುವ ದಾರಿಯೂ ಹೌದು. ತೊಂದರೆ ಹಾಗೇ ಇದ್ದರೆ ಅದೇ ಅಕ್ಷರ ತಿರುಗಿ ಬರುತ್ತದೆ. ಸುಟ್ಟ ವಾಸನೆ ಬಂದಿದ್ದರೆ, ಎಂಸಿಬಿ ಬಿದ್ದಿದ್ದರೆ ಅಥವಾ ಯಂತ್ರ ಮುಟ್ಟಿದಾಗ ಜುಮ್ಮೆಂದಿದ್ದರೆ ಮಾತ್ರ ಈ ಪ್ರಯೋಗ ಕೂಡದು.

ಬೋರ್‌ವೆಲ್ ನೀರಿನ ಊರುಗಳಲ್ಲಿ IE ಕಾಟ ಜಾಸ್ತಿ. ನಲ್ಲಿಯ ಪೈಪು ಯಂತ್ರಕ್ಕೆ ಸೇರುವಲ್ಲಿ ಸಣ್ಣ ಜಾಲರಿ ಇದೆ; ಮರಳು, ಸುಣ್ಣದ ಪುಡಿ ಅಲ್ಲೇ ಕಟ್ಟಿಕೊಳ್ಳುತ್ತವೆ. ಮೇಲಿನ ಮಹಡಿಯಲ್ಲಿ ಟ್ಯಾಂಕಿಗೂ ನಲ್ಲಿಗೂ ಎತ್ತರದ ಅಂತರ ಕಡಿಮೆ, ಒತ್ತಡವೂ ಕಡಿಮೆ. “ನಮ್ಮದು ಮೂರನೇ ಮಹಡಿ, ಟ್ಯಾಂಕು ತಲೆ ಮೇಲೇ ಇದೆ” ಎಂಬ ಒಂದು ಮಾತು ಆಗ ಫೋಟೊಗಿಂತ ಹೆಚ್ಚು ಹೇಳುತ್ತದೆ.

ಫೋಟೊ ಇದ್ದರೂ ಅದು ಯಾವಾಗಲೂ ನಿಜ ಹೇಳುವುದಿಲ್ಲ. ಇಂಥ ಬಹಳಷ್ಟು ಪರದೆಗಳಲ್ಲಿ ಅಕ್ಷರಗಳು ಒಟ್ಟಿಗೆ ಬೆಳಗುವುದಿಲ್ಲ. ಒಂದಾದ ಮೇಲೊಂದು ಅತಿ ವೇಗವಾಗಿ ಹೊತ್ತಿ ಆರುತ್ತಿರುತ್ತವೆ. ಕಣ್ಣಿಗೆ ಎರಡೂ ಒಟ್ಟಿಗೆ ಉರಿದಂತೆ ಕಾಣುತ್ತದೆ. ಚುರುಕಾದ ಕ್ಯಾಮೆರಾ ಒಂದು ಕ್ಷಣವನ್ನಷ್ಟೇ ಹಿಡಿದರೆ ಒಂದು ಅಕ್ಷರ ಮಾಯವಾಗಬಹುದು. ನಾಲ್ಕಾರು ಫೋಟೊ ತೆಗೆಯುವುದೂ, ನೋಡಿದ್ದನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಗೀಟು ಗೀಟಾಗಿ ಬರೆದಿಡುವುದೂ ಒಳ್ಳೆಯದು.

ಮನೆಯ ಇನ್ವರ್ಟರಿನಂತೆ ಬರೀ ದೀಪಗಳಿರುವ ಕಡೆ ಕಷ್ಟ ಬೇರೆ ರೀತಿಯದು. “ಕೆಂಪು ಲೈಟು ಬರ್ತಿದೆ” ಎಂದರೆ ಸಾಲದು. ಯಾವ ಹೆಸರಿನ ಕೆಳಗಿನ ಕೆಂಪು, ಒಂದೇ ಸಮ ಉರಿಯುತ್ತಿದೆಯೋ ಮಿಣುಕುತ್ತಿದೆಯೋ, ಜೊತೆಗೆ ಬೀಪ್ ಇದೆಯೋ, ಆ ಹೊತ್ತಿಗೆ ಮನೆಗೆ ಕರೆಂಟು ಇತ್ತೋ ಇಲ್ಲವೋ, ಇವಿಷ್ಟೂ ಬೇಕು. ಕರೆಂಟು ಹೋದಾಗ ಕೂಗಿದರೆ ಬ್ಯಾಟರಿ ಇಳಿದಿರಬಹುದು; ಮಿಕ್ಸಿ ಹಾಕಿದ ಕೂಡಲೇ ಕೂಗಿದರೆ ಹೊರೆ ಹೆಚ್ಚಾಗಿರಬಹುದು. ಮಿಣುಕಿನ ಲೆಕ್ಕ ಬೇಕಾದ ಯಂತ್ರಗಳಲ್ಲಿ ಒಂದು ದೀರ್ಘ ಬಿಡುವಿನಿಂದ ಮುಂದಿನ ಬಿಡುವಿನವರೆಗೆ ಎಣಿಸಬೇಕು, ಮೂರು ಸುತ್ತು ಎಣಿಸಿ ಒಂದೇ ಸಂಖ್ಯೆ ಬಂತೇ ನೋಡಬೇಕು.

ಇನ್ನೊಂದು ವಿಷಯ ಫೋಟೊ ಇಲ್ಲದೆಯೂ ಸಿಗುತ್ತದೆ. ಮುಂಬಾಗಿಲಿನ ಯಂತ್ರಗಳಲ್ಲಿ ಮಾಡೆಲ್ ನಂಬರಿನ ಚೀಟಿ ಹೆಚ್ಚಾಗಿ ಬಾಗಿಲಿನ ಸುತ್ತ, ಇಲ್ಲವೇ ಬೆನ್ನಿನ ಕಡೆ ಅಂಟಿಸಿರುತ್ತದೆ. ಸಂಕೇತಗಳ ಅರ್ಥ ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುವುದರಿಂದ, ಮೆಕ್ಯಾನಿಕ್‌ಗೆ ಫೋನು ಮಾಡುವ ಮೊದಲು ಆ ನಂಬರನ್ನು ಒಂದು ಕಾಗದದಲ್ಲಿ ಬರೆದು ಕೈಯಲ್ಲಿಟ್ಟುಕೊಳ್ಳಿ.