ಹಳೇ ವಿಳಾಸದ ಹಟ

ಮಳವಳ್ಳಿ ಕಡೆ ಆಲೆಮನೆ ನಡೆಸುವ ಗೆಳೆಯನೊಬ್ಬ ಬೆಲ್ಲ ಮಾರಲು ವೆಬ್‌ಸೈಟ್ ಮಾಡಿಸಿದ್ದಾನೆ. ಬಾಡಿಗೆ ಕಡಿಮೆಯೆಂದು ಅದನ್ನು ಬೇರೆ ಕಂಪನಿಯ ಸರ್ವರ್‌ಗೆ ಸಾಗಿಸಿದ. ಮಂಡ್ಯದ ನಮ್ಮ ಮನೆಯಲ್ಲಿ ಸಲೀಸಾಗಿ ತೆರೆಯುತ್ತಿತ್ತು. ಮದ್ದೂರಿನಲ್ಲಿರುವ ಅವನ ತಮ್ಮನ ಮೊಬೈಲ್ ಡೇಟಾದಲ್ಲೂ ಬರುತ್ತಿತ್ತು; ಅದೇ ಫೋನಿಗೆ ಮನೆಯ ವೈಫೈ ಕೊಟ್ಟರೆ ಇಲ್ಲ.

"ನೆಟ್ ಕೆಟ್ಟೋಗದೆ ಕಣಣ್ಣ" ಎಂದ ತಮ್ಮ. ಕೆಟ್ಟಿದ್ದರೆ ಯೂಟ್ಯೂಬ್ ಹೇಗೆ ಓಡೀತು? ಅಷ್ಟಕ್ಕೇ ಬಿಡದೆ ರೌಟರನ್ನು ಆರಿಸಿ ಹಚ್ಚುವ ನಮ್ಮೂರಿನ ಸಾರ್ವತ್ರಿಕ ಚಿಕಿತ್ಸೆಯೂ ಆಗಿತ್ತು.

ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವುದು ರಿಸಾಲ್ವರ್‌ನ ಕೆಲಸ. ವೈಫೈ ಕೊಡುವ ಕಂಪನಿಗೆ ಒಂದು, ಮೊಬೈಲ್ ಕಂಪನಿಗೆ ಇನ್ನೊಂದು. ಇವಲ್ಲದೆ ಯಾರು ಬೇಕಾದರೂ ಬಳಸಬಹುದಾದವೂ ಇವೆ: 2009ರಲ್ಲಿ ಗೂಗಲ್ 8.8.8.8 ತಂದಿತು, 2018ರಲ್ಲಿ ಕ್ಲೌಡ್‌ಫ್ಲೇರ್ 1.1.1.1. ವೈಫೈಗೆ ಸೇರಿದ್ದ ತಮ್ಮನ ಲ್ಯಾಪ್‌ಟಾಪಿನಿಂದ ಒಂದೇ ಪ್ರಶ್ನೆಯನ್ನು ಎರಡು ರಿಸಾಲ್ವರ್‌ಗಳಿಗೆ ಕೇಳಿಸಿದೆ (ಸೈಟಿನ ಹೆಸರು ಬದಲಿಸಿದ್ದೇನೆ):

```
nslookup bella.example
nslookup bella.example 8.8.8.8
```

ಮೊದಲನೆಯದು ಹಳೇ ಸರ್ವರ್‌ನ ವಿಳಾಸ ಹೇಳಿತು, ಎರಡನೆಯದು ಹೊಸದರದು. ಕಾಯಿಲೆ ಗೊತ್ತಾಯಿತು. ಆದರೆ ಒಂದು ಸಂಶಯ ಉಳಿಯಿತು. ರಿಸಾಲ್ವರ್ ಸಿಕ್ಕ ಉತ್ತರವನ್ನು ನೆನಪಿಟ್ಟುಕೊಳ್ಳುವುದು ಅದಕ್ಕೆ ಕೊಟ್ಟ ಅವಧಿಯವರೆಗೆ ಮಾತ್ರ. ಇಲ್ಲಿ ಅದು 86400 ಸೆಕೆಂಡ್, ಎಂದರೆ ಒಂದು ದಿನ. ಸ್ಥಳಾಂತರವಾಗಿ ವಾರ ಕಳೆದಿತ್ತು.

ಗುಟ್ಟು ಹಳೇ ಕಂಪನಿಯಲ್ಲಿತ್ತು. ಸೈಟ್ ಹೋದರೂ ಅವರ ನೇಮ್‌ಸರ್ವರ್‌ನಲ್ಲಿ ಹೆಸರಿನ ದಾಖಲೆ ಅಳಿಸಿರಲಿಲ್ಲ. ಮನೆ ಖಾಲಿಯಾದರೂ ಹಳೇ ಬಾಡಿಗೆದಾರನ ನೆಂಟ ಬಾಗಿಲು ತೆರೆದು "ನಾವೇ ಇಲ್ಲಿರೋರು" ಎಂದಂತೆ, ಅದು ಪ್ರತಿ ಉತ್ತರದ ಜೊತೆಗೂ ಈ ಹೆಸರಿಗೆ ತಾನೇ ಅಧಿಕೃತ ಎಂದು ಸೇರಿಸಿ ಕಳಿಸುತ್ತಿತ್ತು. ಕೆಲವು ರಿಸಾಲ್ವರ್‌ಗಳು ಆ ಮಾತನ್ನು ನಂಬಿ ಅವಧಿಯನ್ನು ಮತ್ತೆ ಮೊದಲಿನಿಂದ ಎಣಿಸುತ್ತವೆ; .in ನೋಂದಣಿಯಲ್ಲಿ ನೇಮ್‌ಸರ್ವರ್ ಬದಲಾಗಿದೆಯೇ ಎಂದು ಮೇಲೆ ಹೋಗಿ ಕೇಳುವುದೇ ಇಲ್ಲ. ತಮಾಷೆಯೆಂದರೆ, ಸರಿಹೋಯಿತೇ ಎಂದು ತಮ್ಮ ಗಳಿಗೆಗೊಮ್ಮೆ ಸೈಟ್ ತೆರೆದು ನೋಡುತ್ತಿದ್ದುದೇ ಹಳೇ ವಿಳಾಸಕ್ಕೆ ಆಯುಸ್ಸು ಕೊಡುತ್ತಿತ್ತು. ಮೊಬೈಲ್ ಕಂಪನಿಯ ರಿಸಾಲ್ವರ್‌ಗೆ ಈ ಹಳೇ ಪರಿಚಯವಿರಲಿಲ್ಲ, ಬಚಾವಾಯಿತು.

ಹಳೇ ಕಂಪನಿಯಲ್ಲಿ ದಾಖಲೆ ಅಳಿಸಿಸಿದ ಮೇಲೆ ವೈಫೈಯಲ್ಲೂ ಬಂತು. ಅಷ್ಟರಲ್ಲಿ ತಮ್ಮ ರೌಟರಿಗೆ 1.1.1.1 ಹಾಕಿ, "ಇನ್ನು ಇದೇ ಇರ್ಲಿ ಬುಡಣ್ಣ" ಎಂದ. ಇರಲಿ, ನನ್ನ ತಕರಾರಿಲ್ಲ. ಆದರೆ ಇದೇ ಸ್ಥಳಾಂತರ ತಿರುಗುಮುರುಗೂ ಆಗಬಹುದಿತ್ತು. ಹೆಸರಿಗೆ ಡಿಎನ್ಎಸ್‌ಸೆಕ್ ಸಹಿ ಇದ್ದು, ಹೊಸ ಕಂಪನಿ ಸಹಿ ಹಾಕದೆ, ನೋಂದಣಿಯಲ್ಲಿ ಹಳೇ ಸಹಿಯ ಗುರುತು ಉಳಿದಿದ್ದರೆ, ಸಹಿ ಪರೀಕ್ಷಿಸುವ 8.8.8.8, 1.1.1.1 ಎರಡೂ SERVFAIL ಎಂದು ಕೈಚೆಲ್ಲುತ್ತಿದ್ದವು. ಪರೀಕ್ಷಿಸದ ಊರಿನ ಕಂಪನಿಯ ರಿಸಾಲ್ವರ್ ಮಾತ್ರ ಸೈಟ್ ತೋರಿಸುತ್ತಿತ್ತು. ಇನ್ನು ಎರಡೂ ಕಡೆಯ ರಿಸಾಲ್ವರ್‌ಗಳು ಒಂದೇ ವಿಳಾಸ ಕೊಟ್ಟು, ಆದರೂ ವೈಫೈಯಲ್ಲಿ ಸೈಟ್ ಬಾರದಿದ್ದರೆ, ತೊಂದರೆ ಬಹುಪಾಲು ದಾರಿಯಲ್ಲೋ ಯಾರೋ ಹಾಕಿದ ತಡೆಯಲ್ಲೋ ಇರುತ್ತದೆ. ರಿಸಾಲ್ವರ್ ಬದಲಿಸುತ್ತ ಕೂತರೆ ಹೊತ್ತು ಹೋಗುತ್ತದೆ ಅಷ್ಟೆ.